ಬಣ್ಣವೋ, ನೇಯ್ಗೆಯೋ, ಊರಿನ ಬಟ್ಟೆಯೋ: ಶಾಲೆಯ ಪ್ರಾಜೆಕ್ಟ್‌ಗೆ ಯಾವುದನ್ನು ಆರಿಸಬೇಕು?

ಪ್ರಾಜೆಕ್ಟ್ ಕೊಡುವ ಸಮಯ ಬಂತೆಂದರೆ ಪರಿಚಯದ ಅಪ್ಪ ಅಮ್ಮಂದಿರಿಂದ, ಮಕ್ಕಳಿಂದ ನನಗೆ ಬರುವ ಪ್ರಶ್ನೆ ಒಂದೇ. ಜವಳಿ ಅಥವಾ ಕರಕುಶಲ ಅಂತ ವಿಷಯ ಕೊಟ್ಟಿದ್ದಾರೆ, ನೈಸರ್ಗಿಕ ಬಣ್ಣ ಮಾಡೋಣವಾ, ಕೈಮಗ್ಗದ ನೇಯ್ಗೆ ಮಾಡೋಣವಾ, ಇಲ್ಲ ಇಳಕಲ್ ಸೀರೆ ಮೇಲೆ ಏನಾದರೂ ಬರೆಯೋಣವಾ? ಮೂರೂ ಒಳ್ಳೆಯ ವಿಷಯಗಳೇ. ಆದರೆ ಒಂದೊಂದೂ ನಿಮ್ಮಿಂದ ಬೇರೆ ಬೇರೆ ಕೇಳುತ್ತದೆ. ಬಣ್ಣದ ಕೆಲಸಕ್ಕೆ ದಿನಗಳು ಬೇಕು, ಅದರಲ್ಲೂ ಬಿಸಿಲಿರುವ ದಿನಗಳು. ನೇಯ್ಗೆಗೆ ಮಗುವೇ ಕೂತು ಕೈಯಾಡಿಸುವ ಗಂಟೆಗಳು ಬೇಕು. ಬಟ್ಟೆಯ ಅಧ್ಯಯನಕ್ಕೆ ನಿಜವಾದ ಒಂದು ಬಟ್ಟೆ ಕೈಗೆ ಸಿಗಬೇಕು, ಅದರ ಬಗ್ಗೆ ಗೊತ್ತಿರುವ ಒಬ್ಬರು ಮಾತಿಗೆ ಸಿಗಬೇಕು.

ಹಾಗಾಗಿ ಆರಿಸುವ ಮೊದಲು ನಾಲ್ಕು ವಿಷಯ ನೋಡಿಕೊಳ್ಳಿ. ಮೊದಲನೆಯದು, ಒಪ್ಪಿಸಲು ಎಷ್ಟು ದಿನ ಉಳಿದಿದೆ. ಎರಡನೆಯದು, ಇದರಲ್ಲಿ ಎಷ್ಟು ಭಾಗ ಮಗುವೇ ಮಾಡಬಹುದು, ಒಲೆ ಮತ್ತು ರಾಸಾಯನಿಕದ ಹತ್ತಿರ ದೊಡ್ಡವರು ಎಷ್ಟು ಹೊತ್ತು ನಿಲ್ಲಬೇಕು. ಮೂರನೆಯದು ನನಗೆ ತುಂಬಾ ಮುಖ್ಯ: ಅಳೆದು ಉತ್ತರ ಹೇಳಬಹುದಾದ ಒಂದು ಪ್ರಶ್ನೆ ಈ ವಿಷಯದಲ್ಲಿ ಇದೆಯಾ? "ನೈಸರ್ಗಿಕ ಬಣ್ಣಗಳು" ಅನ್ನುವುದು ಪ್ರಶ್ನೆಯಲ್ಲ, ಬರೀ ಶೀರ್ಷಿಕೆ. "ಅಳಲೆಕಾಯಿ ಹಾಕಿದರೆ ಈರುಳ್ಳಿ ಬಣ್ಣ ಬಿಸಿಲಿಗೆ ಕಡಿಮೆ ಮಾಸುತ್ತದೆಯೇ" ಅನ್ನುವುದು ಪ್ರಶ್ನೆ. ನಾಲ್ಕನೆಯದು ಖರ್ಚು. ಮೂರರಲ್ಲಿ ಯಾವುದೂ ದುಬಾರಿಯಲ್ಲ, ಆದರೆ ಖರ್ಚು ಬೀಳುವ ಜಾಗ ಬೇರೆ ಬೇರೆ. ಅದನ್ನು ಆಯಾ ಜಾಗದಲ್ಲೇ ಹೇಳುತ್ತೇನೆ.

ನೈಸರ್ಗಿಕ ಬಣ್ಣ: ಹದಿನೈದು ದಿನ ಇದ್ದರೆ ಮಾತ್ರ

ಹೆಚ್ಚು ಮಕ್ಕಳು ಆರಿಸುವುದು ಇದನ್ನೇ, ಹೆಚ್ಚು ಮಕ್ಕಳು ಎಡವುವುದೂ ಇಲ್ಲೇ. ನನ್ನ ಅಕ್ಕನ ಮಗಳು ಏಳನೇ ಕ್ಲಾಸಿನಲ್ಲಿದ್ದಾಗ ಬೀಟ್‌ರೂಟ್ ಬೇಯಿಸಿ, ಉಪ್ಪು, ವಿನೆಗರ್ ಹಾಕಿ ಬಿಳಿ ಬಟ್ಟೆಗೆ ಬಣ್ಣ ಕೊಟ್ಟಳು. ಆ ಸಂಜೆ ಬಟ್ಟೆ ಎಷ್ಟು ಚೆಂದದ ಗುಲಾಬಿಯಾಗಿತ್ತು ಅಂದರೆ ಮನೆಯವರೆಲ್ಲ ಫೋಟೋ ತೆಗೆದೆವು. ಒಂದು ಸಲ ನೀರಲ್ಲಿ ಜಾಲಿಸಿದ್ದಕ್ಕೆ ಅರ್ಧ ಹೋಯಿತು. ಪ್ರದರ್ಶನದ ದಿನ ಅವಳ ಚಾರ್ಟ್ ಮೇಲೆ ಅಂಟಿದ್ದು ಮಾಸಲು ಬಿಳಿ ತುಂಡು. ಪಾಪ, ತಾನೇ ಏನೋ ತಪ್ಪು ಮಾಡಿದೆ ಅಂದುಕೊಂಡಿದ್ದಳು. ತಪ್ಪು ಅವಳದ್ದಲ್ಲ. ಬೀಟ್‌ರೂಟಿನ ಬಣ್ಣ ನೀರಿಗೆ, ಬಿಸಿಗೆ, ಬೆಳಕಿಗೆ ಯಾವುದಕ್ಕೂ ನಿಲ್ಲುವುದಿಲ್ಲ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ಕೂರುತ್ತದೆ ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ, ಆದರೆ ಹತ್ತಿ ಬಟ್ಟೆಯ ಮೇಲೆ ಇಂಥ ಬಣ್ಣಗಳನ್ನು ಅವು ಹಿಡಿದಿಡುವುದಿಲ್ಲ.

ಬಣ್ಣ ಕೂರಬೇಕಾದರೆ ಎಳೆಗೂ ಬಣ್ಣಕ್ಕೂ ನಡುವೆ ಒಂದು ಕೊಂಡಿ ಬೇಕು. ಅದನ್ನೇ ಮಾರ್ಡೆಂಟ್ ಅನ್ನುತ್ತಾರೆ. ಪಟಿಕ ಒಂದು, ಕಬ್ಬಿಣದ ಲವಣವಾದ ಅನ್ನಭೇದಿ ಇನ್ನೊಂದು. ಉಣ್ಣೆ, ರೇಷ್ಮೆ ಪಟಿಕವನ್ನು ಸುಲಭವಾಗಿ ಹಿಡಿದುಕೊಳ್ಳುತ್ತವೆ. ಹತ್ತಿ ಹಾಗಲ್ಲ. ಅದಕ್ಕೆ ಮೊದಲು ಚೊಗರು, ಅಂದರೆ ಕಾಯಿ ತೊಗಟೆಗಳ ಒಗರು ಅಂಶ ಕೊಡಬೇಕು, ಆ ಚೊಗರನ್ನು ಪಟಿಕ ಹಿಡಿಯುತ್ತದೆ, ಪಟಿಕವನ್ನು ಬಣ್ಣ ಹಿಡಿಯುತ್ತದೆ. ಅಳಲೆಕಾಯಿ ಈ ಕೆಲಸಕ್ಕೆ ಹಳೆಯ ಕಾಲದಿಂದ ಬಳಕೆಯಲ್ಲಿದೆ. ಮಲೆನಾಡಿನ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ, ಯಾಕೆಂದರೆ ಅಡಿಕೆ ಬೇಯಿಸಿದ ಚೊಗರು ಬಟ್ಟೆಗೆ ತಗುಲಿದರೆ ಹೋಗಲ್ಲ ಅನ್ನುವುದು ಅವರಿಗೆ ಮನೆಯಲ್ಲೇ ಗೊತ್ತು. ಹೆಗ್ಗೋಡಿನ ಹತ್ತಿರದ ಚರಕ ಸಂಸ್ಥೆಯವರು ಇದೇ ಅಡಿಕೆ ಚೊಗರನ್ನು ಕೈಮಗ್ಗದ ಬಟ್ಟೆಯ ಬಣ್ಣಕ್ಕೆ ಬಳಸುತ್ತಾರೆ.

ನಾನು ಮಕ್ಕಳಿಗೆ ಹೇಳುವುದು, ಹತ್ತು ತರಕಾರಿಯ ಹತ್ತು ಬಣ್ಣ ಬೇಡ, ಒಂದೇ ಬಣ್ಣ ತೆಗೆದುಕೊಂಡು ನಾಲ್ಕು ರೀತಿ ಮಾಡಿ ಅಂತ. ಒಣ ಈರುಳ್ಳಿ ಸಿಪ್ಪೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ತರಕಾರಿ ಅಂಗಡಿಯಲ್ಲಿ ಕೇಳಿದರೆ ಸುಮ್ನೆ ಕೊಡುತ್ತಾರೆ. ಮಾಡುವ ಕ್ರಮ ಪೂರ್ತಿ ಹೇಳುತ್ತೇನೆ, ಓದಿದ ಮೇಲೆ ನಿಮಗೆ ಇದು ಆಗುತ್ತದಾ ಇಲ್ಲವಾ ಅಂತ ತಿಳಿಯುತ್ತದೆ.

ಒಂದು ಹಳೆಯ ಬಿಳಿ ಹತ್ತಿ ಪಂಚೆ ತೆಗೆದುಕೊಳ್ಳಿ. ಅಂಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಸರಿ, ಕರಗಿ ಗಟ್ಟಿ ಉಂಡೆಯಾದರೆ ಅದರಲ್ಲಿ ಪಾಲಿಯೆಸ್ಟರ್ ಇದೆ, ಆ ಬಟ್ಟೆ ಬೇಡ. ಹದಿನೈದು ಸೆಂಟಿಮೀಟರ್ ಚೌಕದ 12 ತುಂಡು ಕತ್ತರಿಸಿ. ಪಂಚೆ ತೆಳುವಾಗಿದ್ದರೆ ಒಂದೊಂದು ತುಂಡು ಸುಮಾರು 2 ಗ್ರಾಂ ತೂಗುತ್ತದೆ, ಒಟ್ಟು 24 ಗ್ರಾಂ ಅಂತ ಇಟ್ಟುಕೊಳ್ಳೋಣ. ನಿಮ್ಮದನ್ನು ತೂಗಿ ಬರೆದುಕೊಳ್ಳಿ, ಮುಂದಿನ ಲೆಕ್ಕವೆಲ್ಲ ಆ ತೂಕದ ಮೇಲೆ ನಿಂತಿದೆ.

ಮೊದಲು ಬಟ್ಟೆಯ ಗಂಜಿ, ಎಣ್ಣೆ ಅಂಶ ತೆಗೆಯಬೇಕು. ಎರಡು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ವಾಷಿಂಗ್ ಸೋಡಾ, ಸ್ವಲ್ಪ ಸೋಪು ಹಾಕಿ ಒಂದು ಗಂಟೆ ಕುದಿಸಿ. ಅಡುಗೆ ಸೋಡಾ ಅಲ್ಲ, ಬಟ್ಟೆ ಒಗೆಯುವ ಸೋಡಾ. ಬಿಳಿ ಬಟ್ಟೆಯಿಂದಲೂ ಹಳದಿ ನೀರು ಬಿಡುವುದನ್ನು ನೋಡಿ ಮಕ್ಕಳಿಗೆ ಆಶ್ಚರ್ಯವಾಗುತ್ತದೆ. ತೊಳೆದು ಒಣಗಿಸಿದ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ತಕ್ಷಣ ಹೀರಿಕೊಂಡರೆ ಬಟ್ಟೆ ತಯಾರು. ಹನಿ ಮುತ್ತಿನ ಹಾಗೆ ಕೂತರೆ ಇನ್ನೊಮ್ಮೆ ಕುದಿಸಿ. ಈ ಹಂತ ಬಿಟ್ಟವರ ಬಟ್ಟೆಯಲ್ಲೇ ಬಣ್ಣ ಪಟ್ಟೆಪಟ್ಟೆಯಾಗಿ ಕೂರುವುದು.

ಈಗ ಮೂರು ಮೂರು ತುಂಡಿನ ನಾಲ್ಕು ಗುಂಪು ಮಾಡಿ, ಮೂಲೆಯಲ್ಲಿ ದಾರದ ಗಂಟು ಹಾಕಿ ಗುರುತಿಡಿ. ಒಂದನೇ ಗುಂಪಿಗೆ ಏನೂ ಇಲ್ಲ. ಎರಡನೆಯದಕ್ಕೆ ಬರೀ ಪಟಿಕ. ಮೂರನೆಯದಕ್ಕೆ ಅಳಲೆಕಾಯಿ, ಆಮೇಲೆ ಪಟಿಕ. ನಾಲ್ಕನೆಯದಕ್ಕೆ ಅಳಲೆಕಾಯಿ, ಕೊನೆಯಲ್ಲಿ ಅನ್ನಭೇದಿ. ಈ ಮೂರೂ ಗ್ರಂಧಿಗೆ ಅಂಗಡಿಯಲ್ಲಿ ವಿಚಾರಿಸಿ, ಚಿಕ್ಕ ಪೊಟ್ಟಣ ಸಾಕು.

ಮೂರು, ನಾಲ್ಕನೇ ಗುಂಪು ಸೇರಿ 12 ಗ್ರಾಂ ಬಟ್ಟೆ. ಅಳಲೆಕಾಯಿ ಪುಡಿ ಬಟ್ಟೆಯ ತೂಕದ ನೂರಕ್ಕೆ 20 ಪಾಲು, ಅಂದರೆ ಎರಡೂವರೆ ಗ್ರಾಂ ಹತ್ತಿರ. ಬಿಸಿ ನೀರಲ್ಲಿ ಕದಡಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಹಿಂಡಿ, ತೊಳೆಯದೆ ನೆರಳಲ್ಲಿ ಒಣಗಿಸಿ. ಬಟ್ಟೆ ಆಗಲೇ ಬೆಣ್ಣೆಯ ಬಣ್ಣಕ್ಕೆ ತಿರುಗಿರುತ್ತದೆ. ಇಲ್ಲೊಂದು ಎಚ್ಚರಿಕೆ. ಆ ಹಳದಿ ಈರುಳ್ಳಿಯದ್ದಲ್ಲ, ಅಳಲೆಕಾಯಿಯದ್ದು. ಅದಕ್ಕೇ ಹದಿಮೂರನೇ ತುಂಡೊಂದನ್ನು ಅಳಲೆಕಾಯಿಯಲ್ಲಿ ಮಾತ್ರ ಅದ್ದಿ ಇಟ್ಟುಕೊಳ್ಳಿ. "ಈ ಬಣ್ಣದಲ್ಲಿ ಅಳಲೆಕಾಯಿಯ ಪಾಲು ಎಷ್ಟು" ಅಂತ ಮೇಷ್ಟ್ರು ಕೇಳಿದರೆ ತೋರಿಸಲು ಕೈಯಲ್ಲಿ ಉತ್ತರ ಇರುತ್ತದೆ.

ಪಟಿಕ ನೂರಕ್ಕೆ 15 ಪಾಲು ಸಾಕು. ಆರು ಗ್ರಾಂ ಬಟ್ಟೆಗೆ 0.9 ಗ್ರಾಂ. ಅನ್ನಭೇದಿ ನೂರಕ್ಕೆ 2 ಮಾತ್ರ, ಅಂದರೆ 0.12 ಗ್ರಾಂ. ಇದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಲು ಆಗುವುದಿಲ್ಲ, ಅಲ್ವಾ? ಬಣ್ಣದ ಕೆಲಸ ಮಾಡುವವರ ಉಪಾಯ ಸರಳವಾಗಿದೆ. ಹತ್ತು ಗ್ರಾಂ ಅನ್ನಭೇದಿಯನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ. ಒಂದು ಮಿಲಿಲೀಟರ್‌ನಲ್ಲಿ 0.01 ಗ್ರಾಂ ಇರುತ್ತದೆ, ಹಾಗಾಗಿ ನಿಮಗೆ ಬೇಕಾದದ್ದು 12 ಮಿಲಿಲೀಟರ್. ಸೂಜಿ ಇಲ್ಲದ ಸಿರಿಂಜಿನಲ್ಲಿ ಅಳೆಯಿರಿ. ಪಟಿಕಕ್ಕೂ ಹಾಗೇ, ಹತ್ತು ಗ್ರಾಂ ಪಟಿಕವನ್ನು 100 ಮಿಲಿಲೀಟರ್ ಬಿಸಿ ನೀರಿನಲ್ಲಿ ಕರಗಿಸಿ ಗುಂಪಿಗೆ 9 ಮಿಲಿಲೀಟರ್. ಎರಡನೇ ಮತ್ತು ಮೂರನೇ ಗುಂಪನ್ನು ಒಂದೇ ಪಾತ್ರೆಯಲ್ಲಿ ಪಟಿಕಕ್ಕೆ ಹಾಕಬೇಡಿ, ಒಂದರ ಚೊಗರು ಇನ್ನೊಂದಕ್ಕೆ ಇಳಿದು ಹೋಲಿಕೆಯೇ ಕೆಟ್ಟುಹೋಗುತ್ತದೆ. ಬಟ್ಟೆ ಮುಳುಗುವಷ್ಟು ಬಿಸಿ ನೀರಿಗೆ ಅಳತೆಯ ಪಟಿಕ ಹಾಕಿ, ಎರಡು ಗಂಟೆ ನೆನೆಸಿ.

ಬಣ್ಣಕ್ಕೆ ಬಟ್ಟೆಯ ತೂಕದಷ್ಟೇ, ಅಂದರೆ 24 ಗ್ರಾಂ ಒಣ ಸಿಪ್ಪೆ. ತೂಕ ಕಡಿಮೆ ಅನಿಸಿದರೂ ರಾಶಿ ದೊಡ್ಡದಿರುತ್ತದೆ. ಎರಡು ಲೀಟರ್ ನೀರಲ್ಲಿ ಮುಕ್ಕಾಲು ಗಂಟೆ ಕುದಿಸಿ, ಸೋಸಿ, ನಾಲ್ಕು ಸಮಪಾಲು ಮಾಡಿ. ಒಂದೊಂದು ಗುಂಪನ್ನೂ ಬೇರೆ ಬೇರೆಯಾಗಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಇಡಿ. ಸ್ಟೀಲ್ ಪಾತ್ರೆಯೇ ಆಗಬೇಕು. ಕಬ್ಬಿಣದ ಬಾಣಲೆ, ಅಲ್ಯೂಮಿನಿಯಂ ಪಾತ್ರೆ ಎರಡೂ ತಾವೇ ಮಾರ್ಡೆಂಟ್ ತರಹ ಕೆಲಸ ಮಾಡಿ ಲೆಕ್ಕ ತಪ್ಪಿಸುತ್ತವೆ. ನಾಲ್ಕನೇ ಗುಂಪನ್ನು ಎಲ್ಲಕ್ಕಿಂತ ಕೊನೆಗೆ ಮಾಡಿ. ಬಣ್ಣ ಆದಮೇಲೆ ಅದನ್ನು ಅನ್ನಭೇದಿ ನೀರಿನಲ್ಲಿ ಹತ್ತು ನಿಮಿಷ ಅದ್ದಿ ತೆಗೆಯಿರಿ. ಹಳದಿ ಬಟ್ಟೆ ನೋಡನೋಡುತ್ತಿದ್ದ ಹಾಗೆ ಪಾಚಿ ಕಂದು ಬಣ್ಣಕ್ಕೆ ತಿರುಗುತ್ತದೆ. ಇಡೀ ಕೆಲಸದಲ್ಲಿ ಮಕ್ಕಳು ಕೂಗುವ ಹಾಗೆ ಖುಷಿಪಡುವ ಕ್ಷಣ ಇದೇ. ಇನ್ನೂ ಗಾಢ ಬರಲಿ ಅಂತ ಅನ್ನಭೇದಿ ಜಾಸ್ತಿ ಹಾಕುವ ಆಸೆ ಆಗುತ್ತದೆ. ಬೇಡ, ಕಬ್ಬಿಣದ ಅಂಶ ಹೆಚ್ಚಾದರೆ ಹತ್ತಿ ಎಳೆ ದಿನ ಕಳೆದಂತೆ ಪಿಸುಕಲಾಗುತ್ತದೆ.

ಪ್ರತಿ ಗುಂಪಿನ ಒಂದು ತುಂಡನ್ನು ಪುಸ್ತಕದೊಳಗೆ ಕತ್ತಲಲ್ಲಿಡಿ. ಎರಡನೆಯದರ ಅರ್ಧ ಭಾಗಕ್ಕೆ ದಪ್ಪ ಕಪ್ಪು ಕಾಗದ ಮುಚ್ಚಿ ಬಿಸಿಲಲ್ಲಿ ಏಳು ದಿನ ಇಡಿ. ಮೂರನೆಯದಕ್ಕೆ ಒಂದು ಬಿಳಿ ಚಿಂದಿ ಹೊಲಿದು ಐದು ಸಲ ಸೋಪಿನಲ್ಲಿ ಒಗೆಯಿರಿ. ಆ ಚಿಂದಿಗೆ ಹತ್ತಿದ ಬಣ್ಣ ಎಷ್ಟು ಅನ್ನುವುದೇ ಬಣ್ಣ ಬಿಡುವುದರ ಅಳತೆ. ಕತ್ತಲಲ್ಲಿಟ್ಟ ತುಂಡಿನ ಪಕ್ಕ ಇಟ್ಟು 1ರಿಂದ 5ರವರೆಗೆ ಅಂಕ ಕೊಡಿ, 5 ಅಂದರೆ ಏನೂ ವ್ಯತ್ಯಾಸವಿಲ್ಲ. ಅಂಕವನ್ನು ಮೂವರು ಬೇರೆ ಬೇರೆಯಾಗಿ ಕೊಡಲಿ, ಒಬ್ಬರಿಗೊಬ್ಬರು ತೋರಿಸದೆ.

ಕೆಡುವ ಜಾಗಗಳು ಎರಡು ಮೂರಿವೆ. ಕೊಳವೆಬಾವಿ ನೀರಲ್ಲಿ ಕಬ್ಬಿಣದ ಅಂಶ ಇದ್ದರೆ ಎಲ್ಲ ಗುಂಪೂ ಮಂಕಾಗುತ್ತದೆ. ಏನೂ ಹಾಕದ ಮೊದಲ ಗುಂಪೇ ಕಂದಾಗಿದ್ದರೆ ಅನುಮಾನ ನೀರಿನ ಮೇಲೆ, ಫಿಲ್ಟರ್ ನೀರಲ್ಲಿ ಒಂದು ತುಂಡು ಮಾಡಿ ನೋಡಿ. ಈರುಳ್ಳಿ ಬದಲು ಅರಿಶಿನ ತೆಗೆದುಕೊಂಡರೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ. ಅದು ಬಣ್ಣ ಹೋದದ್ದಲ್ಲ, ಕ್ಷಾರಕ್ಕೆ ಅರಿಶಿನ ಹಾಗೆ ತಿರುಗುತ್ತದೆ, ನಿಂಬೆ ಹನಿ ಬಿದ್ದರೆ ಮತ್ತೆ ಹಳದಿ. ಆದರೆ ಬಿಸಿಲಿಗೆ ಅರಿಶಿನ ಬೇಗ ಸೋಲುತ್ತದೆ, ಪಟಿಕ ಹಾಕಿದರೂ ಅಷ್ಟೇ. ಇನ್ನು ನೀಲಿ ಸೊಪ್ಪಿನ ಬಣ್ಣ ಮಾಡುತ್ತೇವೆ ಅಂತ ಕೇಳುವವರಿದ್ದಾರೆ. ಅದು ನೀರಿನಲ್ಲಿ ಕರಗುವ ಬಣ್ಣವೇ ಅಲ್ಲ. ಹುದುಗು ಬರಿಸಿ ಅಥವಾ ರಾಸಾಯನಿಕ ಹಾಕಿ ಕರಗುವ ರೂಪಕ್ಕೆ ತರಬೇಕು. ಶಾಲೆಯ ಪ್ರಾಜೆಕ್ಟ್‌ಗೆ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಲೆಕ್ಕ ಹಾಕಿದರೆ ತಯಾರಿಗೆ ನಾಲ್ಕು ದಿನ, ಬಿಸಿಲಿಗೆ ಏಳು ದಿನ, ಬರೆಯಲು ಎರಡು ಮೂರು ದಿನ. ಮಳೆಗಾಲದಲ್ಲಿ ಬಿಸಿಲಿನ ಪರೀಕ್ಷೆ ನೆಚ್ಚಿಕೊಳ್ಳಬೇಡಿ, ಒಗೆಯುವ ಪರೀಕ್ಷೆ ಒಂದನ್ನೇ ಮಾಡಿ. ಹಣ ಹೆಚ್ಚು ಬೇಡ, ಆದರೆ ಬಣ್ಣಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬರಬಾರದು, ಹಳೆಯದೊಂದನ್ನು ಬಿಟ್ಟುಕೊಡಬೇಕು. ಒಲೆಯ ಕೆಲಸಕ್ಕೆ ದೊಡ್ಡವರು ಪೂರ್ತಿ ಹೊತ್ತು ಜೊತೆಗಿರಬೇಕು. ಎಂಟನೇ ಕ್ಲಾಸಿನಿಂದ ಮೇಲಿನವರಿಗೆ ಇದು ಸರಿ.

ನೇಯ್ಗೆ: ಒಂದು ವಾರ, ರಟ್ಟು, ಎರಡು ಬಣ್ಣದ ಉಣ್ಣೆ

ದಿನ ಕಡಿಮೆ ಇದೆ, ಮಗು ಚಿಕ್ಕದು, ಒಲೆ ಬೇಡ ಅನ್ನುವವರಿಗೆ ಇದೇ ಒಳ್ಳೆಯದು. ರಟ್ಟಿನ ಮೇಲೆ ನೇಯುವುದು ಎಲ್ಲರಿಗೂ ಗೊತ್ತು. ಆದರೆ ಬಣ್ಣಬಣ್ಣದ ಪಟ್ಟೆ ನೇಯ್ದು ಕೀ ಹಾಕುವ ಚೀಲ ಮಾಡಿ ಕೊಟ್ಟರೆ ಅದರಲ್ಲಿ ಪ್ರಶ್ನೆ ಇರುವುದಿಲ್ಲ. ನಾನು ಸೂಚಿಸುವ ಪ್ರಶ್ನೆ ಇದು: ನೇಯುವ ರೀತಿ ಒಂದೇ ಇದ್ದು, ಬಣ್ಣದ ಎಳೆಗಳ ಸರದಿ ಮಾತ್ರ ಬದಲಾದರೆ ವಿನ್ಯಾಸ ಏನಾಗುತ್ತದೆ?

ಒಂದು ಮೇಲೆ ಒಂದು ಕೆಳಗೆ ಹೋಗುವ ಸಾದಾ ನೇಯ್ಗೆಯೇ ಸಾಕು. ಹಾಸಿನಲ್ಲಿ, ಅಂದರೆ ರಟ್ಟಿನ ಉದ್ದಕ್ಕೆ ಕಟ್ಟುವ ಎಳೆಗಳಲ್ಲಿ, ಒಂದು ಕಪ್ಪು ಎಳೆ, ಒಂದು ಬಿಳಿ ಎಳೆ ಹೀಗೆ ಸರದಿಯಲ್ಲಿ ಕಟ್ಟಿ. ಹೊಕ್ಕಿನಲ್ಲೂ, ಅಂದರೆ ಅಡ್ಡಕ್ಕೆ ನೇಯುವ ಎಳೆಯಲ್ಲೂ, ಒಂದು ಸಾಲು ಕಪ್ಪು, ಒಂದು ಸಾಲು ಬಿಳಿ ಹಾಕುತ್ತಾ ಹೋಗಿ. ಕಪ್ಪು ಹಾಸು ಮೇಲಿರುವ ಸಾಲಿಗೆ ಕಪ್ಪು ಹೊಕ್ಕು ಹಾಕಿದರೆ ಆ ಸಾಲು ಪೂರ್ತಿ ಕಪ್ಪು, ಮುಂದಿನದು ಪೂರ್ತಿ ಬಿಳಿ, ಹೀಗೆ ಅಡ್ಡ ಗೆರೆಗಳು ಬರುತ್ತವೆ. ಈಗ ಒಂದು ಕಡೆ ಬಿಳಿ ಹೊಕ್ಕನ್ನು ಎರಡು ಸಾಲು ಒಟ್ಟಿಗೆ ಹಾಕಿ, ಮತ್ತೆ ಮೊದಲಿನ ಸರದಿಯಲ್ಲೇ ಮುಂದುವರಿಸಿ. ಅಲ್ಲಿಂದ ಮುಂದೆ ಗೆರೆಗಳು ಅಡ್ಡದಿಂದ ಉದ್ದಕ್ಕೆ ತಿರುಗುತ್ತವೆ! ಕೈ ಮಾಡುವ ಕೆಲಸ ಬದಲಾಗಿಲ್ಲ, ಒಂದು ಎಳೆ ಜಾಸ್ತಿಯಾಯಿತು ಅಷ್ಟೆ. ಹಾಸಿನಲ್ಲೂ ನಡುವೆ ಎರಡು ಬಿಳಿ ಎಳೆ ಜೊತೆಗೆ ಕಟ್ಟಿದರೆ ಎಡಭಾಗದಲ್ಲಿ ಅಡ್ಡಗೆರೆ, ಬಲಭಾಗದಲ್ಲಿ ಉದ್ದಗೆರೆ, ಮೇಲೆ ಹೋದಂತೆ ಅದಲು ಬದಲು. ಮೊದಲು ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ ಏನು ಬರುತ್ತದೆ ಅಂತ ಊಹಿಸಿ, ಆಮೇಲೆ ನೇಯ್ದು ತಾಳೆ ನೋಡಬೇಕು. ಐದನೇ ಕ್ಲಾಸಿನ ಮಗುವೂ ಇದನ್ನು ಮಾಡಬಲ್ಲದು, ಹತ್ತನೇ ಕ್ಲಾಸಿನವರಿಗೂ ತಲೆಗೆ ಕೆಲಸ ಸಿಗುತ್ತದೆ.

ಈ ಪ್ರಯೋಗ ಕೆಡುವುದು ಒಂದೇ ಕಾರಣಕ್ಕೆ. ಹೊಕ್ಕನ್ನು ಬಿಗಿಯಾಗಿ ಒತ್ತಿ ಒತ್ತಿ ಕೂರಿಸುತ್ತಾರೆ, ಹಾಸು ಪೂರ್ತಿ ಮುಚ್ಚಿಹೋಗುತ್ತದೆ. ಹಾಸು ಕಾಣದಿದ್ದರೆ ಗೆರೆ ಹೇಗೆ ತಿರುಗಬೇಕು? ಹಾಸು ಹೊಕ್ಕು ಎರಡೂ ಸಮ ಕಾಣಬೇಕು. ಅದಕ್ಕೊಂದು ಲೆಕ್ಕವಿದೆ. ನಿಮ್ಮ ಉಣ್ಣೆ ದಾರವನ್ನು ಸ್ಕೇಲಿನ ಮೇಲೆ ಒಂದಕ್ಕೊಂದು ತಾಗುವಂತೆ ಸುತ್ತಿ, ಒಂದು ಇಂಚಿಗೆ ಎಷ್ಟು ಸುತ್ತು ಬಂತು ಎಣಿಸಿ. ಅದರ ಅರ್ಧದಷ್ಟು ಹಾಸಿನ ಎಳೆ ಒಂದು ಇಂಚಿಗಿರಬೇಕು. 12 ಸುತ್ತು ಬಂದರೆ ಇಂಚಿಗೆ 6 ಎಳೆ, ಅಂದರೆ ರಟ್ಟಿನ ಅಂಚಿನಲ್ಲಿ ಸುಮಾರು 4 ಮಿಲಿಮೀಟರ್‌ಗೊಂದು ಕಚ್ಚು. ಹಾಸಿಗೂ ಹೊಕ್ಕಿಗೂ ಒಂದೇ ದಪ್ಪದ ದಾರ ಬಳಸಿ.

ಇನ್ನೊಂದು ತೊಂದರೆ, ನೇಯ್ದಂತೆಲ್ಲ ಬಟ್ಟೆಯ ನಡು ಸೊಂಟದ ಹಾಗೆ ಒಳಗೆ ಹೋಗುವುದು. ಹೊಕ್ಕನ್ನು ನೇರವಾಗಿ ಎಳೆದು ಒತ್ತಿದರೆ ಹಾಗಾಗುತ್ತದೆ. ದಾರವನ್ನು ಕಮಾನಿನ ಹಾಗೆ ಸಡಿಲವಾಗಿ ಬಿಟ್ಟು, ಆಮೇಲೆ ಬಾಚಣಿಗೆಯಿಂದ ಮೆಲ್ಲಗೆ ಕೆಳಗೆ ತನ್ನಿ. ಎಂಟು ಹತ್ತು ಸಾಲಿಗೊಮ್ಮೆ ಅಗಲ ಅಳೆದು ಬರೆದಿಟ್ಟರೆ ಅದೇ ಒಂದು ಕೋಷ್ಟಕ.

ಅಂಗೈಯಷ್ಟು ಬಟ್ಟೆಗೆ ಚಿಕ್ಕವರಿಗೆ ಆರೇಳು ಗಂಟೆ ಬೇಕಾದೀತು, ದಿನಕ್ಕೊಂದು ಗಂಟೆಯಂತೆ ಒಂದು ವಾರ. ಖರ್ಚು ಎರಡು ಉಂಡೆ ಉಣ್ಣೆ, ಒಂದು ದಪ್ಪ ಸೂಜಿ. ಕೊರತೆ ಏನೆಂದರೆ, ಇದನ್ನು ಅವಸರದಲ್ಲಿ ಮಾಡಲಾಗದು. ಕೊನೆಯ ರಾತ್ರಿ ಅಮ್ಮ ಕೂತು ನೇಯ್ದರೆ ನೋಡಿದ ಕೂಡಲೇ ಗೊತ್ತಾಗುತ್ತದೆ, ಕೆಳಗಿನ ಸಾಲಿಗೂ ಮೇಲಿನ ಸಾಲಿಗೂ ಕೈ ಬೇರೆ. ಇನ್ನೊಂದು ಮಾತು: ಕಸೂತಿಯನ್ನು ನೇಯ್ಗೆ ಅಂತ ಬರೆಯಬೇಡಿ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ನಾಲ್ಕೂ ನೇಯ್ದು ಮುಗಿದ ಬಟ್ಟೆಯ ಮೇಲೆ ಎಳೆ ಎಣಿಸಿ ಸೂಜಿಯಲ್ಲಿ ಹಾಕುವ ಹೊಲಿಗೆಗಳು. "ನೇಯ್ಗಿ" ಅನ್ನುವ ಹೆಸರೇ ಗೊಂದಲ ಮಾಡುತ್ತದೆ, ನೋಡಲು ನೇಯ್ದ ಹಾಗಿರುತ್ತದೆ.

ಊರಿನ ಬಟ್ಟೆ: ಮನೆಯಲ್ಲಿ ಒಂದು ಸೀರೆ ಇದ್ದರೆ

ಮೂರರಲ್ಲಿ ಕಡಿಮೆ ಖರ್ಚಿನದ್ದು ಇದು, ಮನೆಯಲ್ಲಿ ಬಟ್ಟೆ ಇದ್ದರೆ. ಸುಮ್ನೆ ಹೋಗಿ ಬರೋಣ ಅಂತ ಗಾಡಿ ಮಾಡಿಕೊಂಡು ನೇಕಾರರ ಊರಿಗೆ ಹೊರಟರೆ ಹೆಚ್ಚು ಖರ್ಚಿನದ್ದೂ ಇದೇ. ಎಲ್ಲರೂ ಮಾಡುವ ತಪ್ಪೆಂದರೆ ಇಳಕಲ್, ಮೊಳಕಾಲ್ಮೂರು, ಗುಳೇದಗುಡ್ಡದ ಖಣ, ಉಡುಪಿ ಸೀರೆ ಅಂತ ಹತ್ತು ಹೆಸರು, ಹತ್ತು ಚಿತ್ರ ಅಂಟಿಸುವುದು. ಒಂದನ್ನೇ ಹಿಡಿಯಿರಿ.

ಅಜ್ಜಿಯ ಪೆಟ್ಟಿಗೆಯಲ್ಲಿ ಇಳಕಲ್ ಸೀರೆ ಇದ್ದರೆ ಪ್ರಶ್ನೆ ತಯಾರಾಗಿಯೇ ಇದೆ: ಇದು ನಿಜವಾಗಿ ಆ ರೀತಿಯಲ್ಲಿ ನೇಯ್ದದ್ದೇ? ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಹತ್ತಿಯ ಒಡಲಿನ ಎಳೆಗಳಿಗೆ ಸೆರಗಿನ ರೇಷ್ಮೆ ಎಳೆಗಳನ್ನು ಕುಣಿಕೆಗೆ ಕುಣಿಕೆ ಸಿಕ್ಕಿಸಿ ಜೋಡಿಸುತ್ತಾರೆ. ಟೋಪ್ ತೆನಿ ಅನ್ನುವುದು ಇದಕ್ಕೇ. ಹೀಗಾಗಿ ನೇಕಾರರು ಉದ್ದಕ್ಕೆ ಹತ್ತಾರು ಸೀರೆಯ ಹಾಸು ಒಟ್ಟಿಗೆ ಏರಿಸಲಾರರು, ಒಂದೊಂದು ಸೀರೆಗೂ ಹಾಸು ಬೇರೆಯೇ ಕಟ್ಟಬೇಕು.

ಇದನ್ನು ಸೀರೆಗೆ ಕತ್ತರಿ ಹಾಕದೆ ಪರೀಕ್ಷೆ ಮಾಡಬಹುದು. ಸೆರಗು ಶುರುವಾಗುವ ಗೆರೆಯನ್ನು ಹಿಂಬದಿಯಿಂದ ನೋಡಿ, ಬೆರಳಾಡಿಸಿ. ಕುಣಿಕೆಗಳ ಸಾಲು ಸಿಗಬೇಕು. ಆಮೇಲೆ ಸೆರಗಿನ ಕುಚ್ಚಿನಿಂದ ಒಂದು ಚೂರು ಎಳೆ, ಸೀರೆಯ ಇನ್ನೊಂದು ತುದಿಯಿಂದ ಒಂದು ಚೂರು ಎಳೆ ತೆಗೆಯಿರಿ. ಎರಡೂ ಹಾಸಿನ ಎಳೆಗಳೇ. ಜೋಡಣೆ ನಿಜವಾಗಿದ್ದರೆ ಅವು ಬೇರೆ ಬೇರೆ ನಾರು ಆಗಿರಬೇಕು. ದೊಡ್ಡವರು ಇಕ್ಕಳದಲ್ಲಿ ಹಿಡಿದು ಸುಡಲಿ. ಹತ್ತಿ ಕಾಗದದ ವಾಸನೆ, ರೇಷ್ಮೆ ಕೂದಲು ಸುಟ್ಟ ವಾಸನೆ, ಅದರ ಕರಿ ಉಂಡೆ ಬೆರಳಲ್ಲಿ ಪುಡಿಯಾಗುತ್ತದೆ. ಸೆರಗಿನ ಎಳೆಯೂ ಕಾಗದದ ವಾಸನೆ ಕೊಟ್ಟರೆ ಅದು ಕೃತಕ ರೇಷ್ಮೆ ಇರಬಹುದು, ಇಳಕಲ್‌ನಲ್ಲಿ ಅದರ ಬಳಕೆಯೂ ಇದೆ. ಸುಟ್ಟಾಗ ಹತ್ತಿಯೂ ಕೃತಕ ರೇಷ್ಮೆಯೂ ಒಂದೇ ತರಹ, ಹಾಗಾಗಿ ನೀರಿನ ಪರೀಕ್ಷೆ ಮಾಡಿ. ಒದ್ದೆಯಾದ ಕೃತಕ ರೇಷ್ಮೆ ಎಳೆದರೆ ಸುಲಭವಾಗಿ ಕಿತ್ತುಬರುತ್ತದೆ, ಹತ್ತಿ ಒದ್ದೆಯಾದರೆ ಇನ್ನೂ ಗಟ್ಟಿಯಾಗುತ್ತದೆ. ಒಂದು ಮಿತಿ ನೆನಪಿಡಿ. ಒಡಲೂ ಸೆರಗೂ ಎರಡೂ ರೇಷ್ಮೆಯದ್ದೇ ಆದ ಸೀರೆಗಳೂ ಇವೆ, ಅಲ್ಲಿ ಎರಡು ತುದಿಯ ಎಳೆ ಒಂದೇ ಬಂದರೆ ಅದು ನಕಲಿ ಅಂತ ತೀರ್ಮಾನಿಸಬೇಡಿ, ಕುಣಿಕೆಯ ಸಾಲನ್ನೇ ನೋಡಿ.

ಇಷ್ಟು ಒಂದು ವಾರಾಂತ್ಯದ ಕೆಲಸ. ಮುಂದಿನದು ಮಾತು. ಯಾವ ವರ್ಷ, ಯಾವ ಕಾರಣಕ್ಕೆ ತಂದ ಸೀರೆ, ಎಷ್ಟು ಸಲ ಒಗೆದದ್ದು, ಆಗ ಬೆಲೆ ಎಷ್ಟು, ಅಜ್ಜಿಗೆ ನೆನಪಿದ್ದಷ್ಟು ಬರೆದುಕೊಳ್ಳಿ. ನೇಕಾರರು ಸಿಕ್ಕರೆ "ನಿಮ್ಮ ಕಷ್ಟ ಏನು" ಅಂತ ಶುರುಮಾಡಬೇಡಿ. ಈ ಸೆರಗು ನೇಯಲು ಎಷ್ಟು ದಿನ, ಹಾಸು ಜೋಡಿಸುವವರು ಯಾರು, ನೂಲು ಎಲ್ಲಿಂದ ಬರುತ್ತದೆ ಅಂತ ಕೇಳಿ. ಕೈಕೆಲಸದವರು ಕೆಲಸದ ಬಗ್ಗೆ ಕೇಳಿದರೆ ತುಂಬಾ ಹೇಳುತ್ತಾರೆ.

ಚಿತ್ರದುರ್ಗದ ಕಡೆಯವರಿಗೆ ಚಳ್ಳಕೆರೆಯ ಕಂಬಳಿಯೂ ಒಳ್ಳೆಯ ವಿಷಯ. ಕುರಿ ಉಣ್ಣೆಯ ಎಳೆಗೆ ಹುಣಸೆ ಬೀಜದ ಗಂಜಿ ಹಚ್ಚಿರುತ್ತಾರೆ, ಹೊಸ ಕಂಬಳಿ ಒರಟಾಗಿರುವುದಕ್ಕೆ ಅದೂ ಒಂದು ಕಾರಣ.

ಹಾಗಾದರೆ ಯಾರಿಗೆ ಯಾವುದು

ಒಂದೇ ವಾರ ಉಳಿದಿದ್ದರೆ ಬಣ್ಣವನ್ನು ಮರೆತುಬಿಡಿ. ಮಗು ಐದರಿಂದ ಏಳನೇ ಕ್ಲಾಸಿನಲ್ಲಿದ್ದರೆ, ಒಂದು ಕಡೆ ಕೂರುವ ತಾಳ್ಮೆ ಇದ್ದರೆ ನೇಯ್ಗೆ. ಕೂರುವುದಕ್ಕಿಂತ ಮಾತಾಡುವುದು ಇಷ್ಟ, ಮನೆಯಲ್ಲಿ ಹಳೆಯ ಸೀರೆ ಇದೆ, ಅಜ್ಜಿ ಇದ್ದಾರೆ ಅಂದರೆ ಬಟ್ಟೆಯ ಅಧ್ಯಯನ. ಎಂಟರಿಂದ ಹತ್ತನೇ ಕ್ಲಾಸು, ವಿಜ್ಞಾನ ಪ್ರದರ್ಶನಕ್ಕೂ ಅದೇ ಕೆಲಸ ಕಳಿಸುವ ಯೋಚನೆ ಇದೆ, ಮೂರು ವಾರ ಕೈಯಲ್ಲಿದೆ, ಮನೆಯಲ್ಲಿ ಯಾರಾದರೂ ಒಲೆ ಹತ್ತಿರ ನಿಲ್ಲಬಲ್ಲರು ಅಂದರೆ ಬಣ್ಣವೇ ನನ್ನ ಆಯ್ಕೆ, ಯಾಕೆಂದರೆ ಅಳೆದು ತೋರಿಸಲು ಅಲ್ಲಿ ಹೆಚ್ಚು ಸಿಗುತ್ತದೆ. ಗುಂಪಿನಲ್ಲಿ ಮಾಡುವುದಾದರೆ ಬಣ್ಣವನ್ನು ಹಂಚಿಕೊಳ್ಳುವುದು ಸುಲಭ, ನಾಲ್ವರಿಗೆ ನಾಲ್ಕು ಗುಂಪಿನ ಬಟ್ಟೆ. ನೇಯ್ಗೆಯನ್ನು ಹಂಚಿದರೆ ಕೈ ಬದಲಾದದ್ದು ಬಟ್ಟೆಯಲ್ಲೇ ಕಾಣುತ್ತದೆ, ಹಾಗಾಗಿ ಒಬ್ಬೊಬ್ಬರೂ ಒಂದೊಂದು ರಟ್ಟು ಮಾಡಲಿ.

ಎರಡನ್ನು ಸೇರಿಸಬಹುದಾ ಅಂತ ಕೇಳುವವರಿಗೆ: ತಿಂಗಳು ಪೂರ್ತಿ ಇದ್ದರೆ ಸೇರಿಸಿ. ದಪ್ಪ ಬಿಳಿ ಹತ್ತಿ ನೂಲನ್ನು ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ. ಬಿಗಿ ಕಟ್ಟಿದರೆ ಕಟ್ಟಿದ ಜಾಗಕ್ಕೆ ಬಣ್ಣ ಇಳಿಯುವುದಿಲ್ಲ. ಎಲ್ಲ ಲಡಿಗೂ ಅಳಲೆಕಾಯಿ ಕೊಡಿ. ಅರ್ಧಕ್ಕೆ ಪಟಿಕ ಕೊಟ್ಟು ಈರುಳ್ಳಿ ಬಣ್ಣಕ್ಕೆ ಹಾಕಿ, ಇನ್ನರ್ಧವನ್ನು ಬೇರೆ ಪಾತ್ರೆಯಲ್ಲಿ ಈರುಳ್ಳಿ ಬಣ್ಣ ಕೊಟ್ಟ ಮೇಲೆ ಅನ್ನಭೇದಿಯಲ್ಲಿ ಅದ್ದಿ. ಒಂದು ತಿಳಿ ಹಳದಿ, ಒಂದು ಗಾಢ ಕಂದು. ನೇಯ್ಗೆಗೆ ಬೇಕಿದ್ದ ಕಪ್ಪು ಬಿಳಿ ಎಳೆಗಳ ಜಾಗದಲ್ಲಿ ಇವೆರಡನ್ನೇ ಬಳಸಿ. ನೂಲು ಒದ್ದೆಯಿರುವಾಗ ಸಿಕ್ಕಾಗುತ್ತದೆ, ಪೂರ್ತಿ ಒಣಗಿದ ಮೇಲೆಯೇ ಉಂಡೆ ಸುತ್ತಿ. ಯಾವುದನ್ನು ಆರಿಸುತ್ತೀರಿ ಅಂತ ಇನ್ನೂ ತೀರ್ಮಾನವಾಗಿಲ್ಲದಿದ್ದರೂ ಇವತ್ತಿನಿಂದಲೇ ಈರುಳ್ಳಿ ಸಿಪ್ಪೆಯನ್ನು ಒಂದು ಬಟ್ಟೆ ಚೀಲದಲ್ಲಿ ಕೂಡಿಡುತ್ತಾ ಬನ್ನಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ.